ಹ್ಯಾಕಥಾನ್‌ಗೆ ಹೋದ್ರೆ ಜೊತೆಗಾರರೂ ಕೆಲಸವೂ ಸಿಗೋದು ಹೇಗೆ?

ಪುಣೆಗೆ ಹೊಸದಾಗಿ ಬಂದ ನಮ್ಮ ಕಡೆ ಹುಡುಗ-ಹುಡುಗಿಯರು ನನ್ನನ್ನ ಮೊದಲು ಕೇಳೋ ಪ್ರಶ್ನೆ, "ಅಣ್ಣ, ರೆಫರಲ್ ಎಲ್ಲಿ ಸಿಗುತ್ತೆ?" ಅಂತ. ಇಲ್ಲಿನ ಕಾಲೇಜಿನಲ್ಲಿ ಓದಿದವರಿಗೆ ಸೀನಿಯರ್‌ಗಳಿರ್ತಾರೆ, ಪರಿಚಯದವರಿರ್ತಾರೆ. ಕಲಬುರಗಿಯಿಂದಲೋ ಹಾವೇರಿಯಿಂದಲೋ ಬಂದು ಹಿಂಜವಡಿಯ ಪಿಜಿಯಲ್ಲಿ ಇರೋರಿಗೆ ಪಕ್ಕದ ಬೆಡ್‌ನವರನ್ನ ಬಿಟ್ಟರೆ ಯಾರೂ ಗೊತ್ತಿರಲ್ಲ. ರೆಫರಲ್ ಕೊಡೋರು ತಮ್ಮ ಹೆಸರನ್ನ ಪಣಕ್ಕಿಟ್ಟು ಕೊಡ್ತಾರೆ. ನೀವು ಕೆಲಸ ಮಾಡೋದನ್ನ ಒಮ್ಮೆಯೂ ನೋಡದವರು ಯಾಕೆ ಕೊಡಬೇಕು ಹೇಳಿ?

ಗುರುತಿಲ್ಲದ ಊರಿನಲ್ಲಿ ಅಪರಿಚಿತರು ನಿಮ್ಮ ಕೆಲಸವನ್ನ ಕಣ್ಣಾರೆ ನೋಡೋ ಜಾಗಗಳು ಕಡಿಮೆ. ಹ್ಯಾಕಥಾನ್ ಅಂಥದ್ದೊಂದು ಜಾಗ. ನಾನು ಬ್ಯಾಕೆಂಡ್ ಡೆವಲಪರ್, ಬಿಡುವಾದಾಗ ಹ್ಯಾಕಥಾನ್‌ಗಳಿಗೆ ಮೆಂಟರ್ ಆಗಿ ಹೋಗ್ತೀನಿ. ಅಲ್ಲಿ ಕಂಡ ಒಂದು ಟೀಮಿನ ಕಥೆಯನ್ನ ಇವತ್ತು ಪೂರ್ತಿ ಬಿಡಿಸಿ ಹೇಳ್ತೀನಿ. ಆ ಟೀಮಿಗೆ ಬಹುಮಾನ ಬರಲಿಲ್ಲ. ಆದರೂ ಅದರಲ್ಲಿದ್ದ ಇಬ್ಬರಿಗೆ ಅದರಿಂದಲೇ ದಾರಿ ಆಯ್ತು.

ಕಾಂಟೆಸ್ಟ್ ಬೇರೆ, ಹ್ಯಾಕಥಾನ್ ಬೇರೆ

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಕೋಡಿಂಗ್ ಕಾಂಟೆಸ್ಟ್ ಅಂದ್ರೆ ಕೊಟ್ಟ ಸಮಸ್ಯೆಯನ್ನ ಕೊಟ್ಟ ಸಮಯದಲ್ಲಿ ಒಬ್ಬರೇ ಕೂತು ಬಿಡಿಸೋದು. ಲೀಟ್‌ಕೋಡ್‌ನ ವಾರದ ಕಾಂಟೆಸ್ಟ್ ಭಾನುವಾರ ಬೆಳಿಗ್ಗೆ 8ಕ್ಕೆ ಶುರುವಾಗುತ್ತೆ. ಒಂದೂವರೆ ಗಂಟೆಯಲ್ಲಿ 4 ಪ್ರಶ್ನೆ. ಅದರಿಂದ ಬರೋದು ಒಂದು ರೇಟಿಂಗ್. ಕೋಡ್‌ಫೋರ್ಸಸ್‌ನಲ್ಲಿ 1600 ದಾಟಿದ್ರೆ ಎಕ್ಸ್‌ಪರ್ಟ್ ಅಂತ ಹೆಸರಿನ ಬಣ್ಣ ನೀಲಿ ಆಗುತ್ತೆ. ರೆಸ್ಯೂಮೆಯಲ್ಲಿ ಆ ಒಂದು ಸಾಲು, ನಿಮಗೆ ಆಲ್ಗಾರಿದಮ್ ಬರುತ್ತೆ ಅಂತ ಹೇಳುತ್ತೆ. ನೀವು ಇನ್ನೊಬ್ಬರ ಜೊತೆ ಹೊಂದಿಕೊಂಡು ಕೆಲಸ ಮಾಡ್ತೀರಾ, ಅರ್ಧ ಗೊತ್ತಿರೋ ಸಮಸ್ಯೆಯನ್ನ ಹೇಗೆ ಹಿಡೀತೀರಾ ಅನ್ನೋದನ್ನ ಅದು ಹೇಳಲ್ಲ. ಇದಕ್ಕೆ ಒಂದು ಅಪವಾದ ಐಸಿಪಿಸಿ. ಅಲ್ಲಿ 3 ಜನರಿಗೆ ಒಂದೇ ಕಂಪ್ಯೂಟರ್, 5 ಗಂಟೆ ಸಮಯ. ಕೀಬೋರ್ಡ್ ಯಾರಿಗೆ ಯಾವಾಗ ಅನ್ನೋದನ್ನೂ ಮೂವರೂ ಸೇರಿ ತೀರ್ಮಾನ ಮಾಡಬೇಕು. ಆ ಸ್ನೇಹಗಳು ಹಾಗೇ ಉಳೀತವೆ.

ಹ್ಯಾಕಥಾನ್‌ನಲ್ಲಿ ಇದೆಲ್ಲ ಉಲ್ಟಾ. ಒಂದು ವಿಷಯ ಕೊಡ್ತಾರೆ, 24 ರಿಂದ 36 ಗಂಟೆಯಲ್ಲಿ ಏನಾದರೂ ಕಟ್ಟಿ ತೋರಿಸಬೇಕು. ಅಲ್ಗಾರಿದಮ್ ಸಾಧಾರಣವಾಗಿದ್ರೂ ನಡೆಯುತ್ತೆ. ಆದರೆ ನಿಮ್ಮ ಕೆಲಸದ ರೀತಿಯನ್ನ ನಿಮ್ಮ ಟೀಮು, ಮೆಂಟರ್‌ಗಳು, ಸ್ಪಾನ್ಸರ್ ಕಂಪನಿಯಿಂದ ಬಂದ ಎಂಜಿನಿಯರ್‌ಗಳು ಇಡೀ ದಿನ ನೋಡ್ತಾರೆ. ಹಾಗಾಗಿ ಜನರ ಪರಿಚಯಕ್ಕೆ ಹ್ಯಾಕಥಾನ್, ಆ ಪರಿಚಯದಿಂದ ಬಂದ ಇಂಟರ್ವ್ಯೂ ದಾಟೋಕೆ ಕಾಂಟೆಸ್ಟ್ ಅಭ್ಯಾಸ. ಎರಡೂ ಬೇಕಾಗುತ್ತೆ ಅನ್ನೋದು ಕಥೆಯ ಕೊನೆಯಲ್ಲಿ ಗೊತ್ತಾಗುತ್ತೆ.

ಯಾವುದಕ್ಕೆ ಹೋಗಬೇಕು

ಡೆವ್‌ಫೋಲಿಯೋ, ಅನ್‌ಸ್ಟಾಪ್, ಹ್ಯಾಕರ್‌ಅರ್ಥ್ ತೆಗೆದು ನೋಡಿದ್ರೆ ಹ್ಯಾಕಥಾನ್‌ಗಳ ಸಾಲೇ ಇರುತ್ತೆ. ಆರಿಸೋಕೆ ನಾನು ನೋಡೋದು ಮೂರು ವಿಷಯ.

ಒಂದು, ಅಲ್ಲಿಗೆ ಎಂಜಿನಿಯರ್‌ಗಳು ಬರ್ತಾರಾ? ಮೆಂಟರ್‌ಗಳ ಪಟ್ಟಿ ಹಾಕಿದ್ದಾರಾ, ಎದುರಾ ಎದುರು ಕೂತು ಮಾಡೋದಾ ಅಥವಾ ಪೂರ್ತಿ ಆನ್‌ಲೈನಾ ಅಂತ ನೋಡಿ. ಪಿಪಿಟಿ ಅಪ್‌ಲೋಡ್ ಮಾಡಿ ಎಲ್ಲರಿಗೂ ಸರ್ಟಿಫಿಕೇಟ್ ಕೊಡೋ ಜಾಗದಲ್ಲಿ ನಿಮ್ಮನ್ನ ಯಾರೂ ನೋಡಲ್ಲ. ದೊಡ್ಡ ಮೊತ್ತದ ಪ್ರವೇಶ ಶುಲ್ಕ ಕೇಳಿದ್ರೆ ಅನುಮಾನ ಪಡಿ.

ಎರಡು, ನೀವು ಅರ್ಹರಾ? ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ 2017ರಲ್ಲಿ ಶುರುವಾಯ್ತು, ಅದು ವಿದ್ಯಾರ್ಥಿಗಳಿಗೆ ಮಾತ್ರ. 6 ಜನರ ಟೀಮ್ ಇರಬೇಕು, ಅದರಲ್ಲಿ ಕನಿಷ್ಠ ಒಬ್ಬ ಹುಡುಗಿ ಇರಲೇಬೇಕು. ಮೊದಲು ನಿಮ್ಮ ಕಾಲೇಜಿನ ಒಳಗಿನ ಸುತ್ತು ಗೆಲ್ಲಬೇಕು, ಆಮೇಲೆ ಕಾಲೇಜಿನವರೇ ಹೆಸರು ಕಳಿಸಬೇಕು. ಅಂದ್ರೆ ನೀವಾಗಿ ನೇರವಾಗಿ ಹೋಗೋಕೆ ಆಗಲ್ಲ. ಟಿಸಿಎಸ್‌ನ ಕೋಡ್‌ವೀಟಾ, ಇನ್ಫೋಸಿಸ್‌ನ ಹ್ಯಾಕ್‌ವಿತ್‌ಇನ್ಫಿ ಕೂಡ ವಿದ್ಯಾರ್ಥಿಗಳಿಗೇ. ಚೆನ್ನಾಗಿ ಮಾಡಿದವರಿಗೆ ಇಂಟರ್ವ್ಯೂ ಅವಕಾಶ ಸಿಗುತ್ತೆ, ಆದರೆ ಯಾವ ವರ್ಷ ಪಾಸಾಗೋ ಬ್ಯಾಚ್ ಅನ್ನೋ ಷರತ್ತನ್ನ ಮೊದಲೇ ಓದಿ. ಕೆಲಸಕ್ಕೆ ಸೇರಿದವರಿಗೂ ಬಾಗಿಲು ತೆರೆದಿರೋದು ಫಾಸ್ ಯುನೈಟೆಡ್‌ನವರ ಫಾಸ್ ಹ್ಯಾಕ್ ಥರದ್ದು. ಅಲ್ಲಿ ಬರೆದ ಕೋಡ್ ಓಪನ್ ಸೋರ್ಸ್ ಆಗಿರಬೇಕು, ಅದು ನಿಮಗೇ ಲಾಭ. ಮುಂದೆ ಯಾರಿಗೆ ಬೇಕಾದರೂ ತೋರಿಸಬಹುದು.

ಮೂರು, ಕೋಡ್ ಯಾರ ಪಾಲಾಗುತ್ತೆ? ಕಂಪನಿ ನಡೆಸೋ ಕೆಲವು ಹ್ಯಾಕಥಾನ್‌ಗಳ ನಿಯಮದಲ್ಲಿ ನೀವು ಕಟ್ಟಿದ್ದೆಲ್ಲ ಅವರದ್ದು ಅಂತ ಬರೆದಿರುತ್ತೆ. ಇನ್ನೊಂದು ಕಡೆ, ನೀವು ಈಗಾಗಲೇ ಕೆಲಸದಲ್ಲಿದ್ದರೆ ನಿಮ್ಮ ಅಪಾಯಿಂಟ್‌ಮೆಂಟ್ ಪತ್ರದಲ್ಲಿ "ಕೆಲಸದ ಅವಧಿಯಲ್ಲಿ ರಚಿಸಿದ್ದೆಲ್ಲ ಕಂಪನಿಯದ್ದು" ಅನ್ನೋ ಷರತ್ತು ಇರಬಹುದು. ಮ್ಯಾನೇಜರ್‌ಗೆ ಎರಡು ಸಾಲಿನ ಮೇಲ್ ಹಾಕಿ ಅನುಮತಿ ತಗೊಳ್ಳಿ, ಆಫೀಸಿನ ಲ್ಯಾಪ್‌ಟಾಪ್ ಮುಟ್ಟಬೇಡಿ. ಕೆಲಸ ಹುಡುಕೋಕೆ ಹೋಗಿ ಇರೋ ಕೆಲಸಕ್ಕೆ ಕುತ್ತು ತಂದ್ಕೋಬಾರದು.

ಟೀಮ್ ಹೇಗೆ ಆಯ್ತು

ಈಗ ಕಥೆಗೆ ಬರೋಣ. ಪುಣೆಯಲ್ಲಿ ಶನಿವಾರ ಬೆಳಿಗ್ಗೆ 9 ರಿಂದ ಭಾನುವಾರ ಮಧ್ಯಾಹ್ನ 3ರವರೆಗೆ, ಒಟ್ಟು 30 ಗಂಟೆಯ ಹ್ಯಾಕಥಾನ್. ವಿದ್ಯಾರ್ಥಿಗಳೂ ಕೆಲಸದವರೂ ಬರಬಹುದಿತ್ತು. ಈ ಟೀಮಿನಲ್ಲಿ ನಾಲ್ಕು ಜನ. ಕಲಬುರಗಿಯಿಂದ ಬಂದು ಪುಣೆಯಲ್ಲಿ ಕೊನೇ ವರ್ಷ ಎಂಜಿನಿಯರಿಂಗ್ ಓದ್ತಿದ್ದ ಹುಡುಗ. ವಿಜಯಪುರದ ಹುಡುಗಿ, ಒಂದು ಕಂಪನಿಯಲ್ಲಿ ಮ್ಯಾನ್ಯುಯಲ್ ಟೆಸ್ಟಿಂಗ್‌ನಲ್ಲಿ ಒಂದು ವರ್ಷ ಕಳೆದು ಅದರಿಂದ ಹೊರಬರೋಕೆ ಒದ್ದಾಡ್ತಿದ್ಲು. ಜೊತೆಗೆ ಸೋಲಾಪುರದ ಹುಡುಗ ಒಬ್ಬ, ಡಿಸೈನ್ ಓದ್ತಿದ್ದ ಮರಾಠಿ ಹುಡುಗಿ ಒಬ್ಬಳು.

ಕಲಬುರಗಿ ಹುಡುಗನಿಗೆ ತನ್ನ ಮೂವರು ರೂಮ್‌ಮೇಟ್‌ಗಳ ಜೊತೆಗೇ ಬರೋಕೆ ಆಗ್ತಿತ್ತು. ಆದರೆ ನಾಲ್ವರೂ ಬ್ಯಾಕೆಂಡ್ ಮಾಡೋರು. ಅದಕ್ಕೇ ಅವನು ಹ್ಯಾಕಥಾನ್‌ನ ಡಿಸ್ಕಾರ್ಡ್ ಗುಂಪಿನಲ್ಲಿ ಹತ್ತು ದಿನ ಮೊದಲೇ ಒಂದು ಮೆಸೇಜ್ ಹಾಕಿದ್ದ. ತನಗೆ ಏನು ಬರುತ್ತೆ, ಏನು ಬರಲ್ಲ, ಎಂಥವರು ಬೇಕು ಅಂತ ಮೂರು ಸಾಲು. "ಏನು ಬರಲ್ಲ" ಅನ್ನೋ ಸಾಲು ನೋಡಿಯೇ ನಾನು ಬಂದೆ ಅಂತ ಆ ಡಿಸೈನ್ ಹುಡುಗಿ ಆಮೇಲೆ ಹೇಳಿದ್ಲು. ತನ್ನ ಕೆಲಸಕ್ಕೆ ಅಲ್ಲಿ ಜಾಗ ಇದೆ ಅಂತ ಅವಳಿಗೆ ಗೊತ್ತಾಗಿತ್ತು.

ರೂಮ್‌ಮೇಟ್‌ಗಳ ಜೊತೆ ಹೋದ್ರೆ ಆರಾಮಾಗಿರುತ್ತೆ, ಕನ್ನಡದಲ್ಲೇ ಹರಟೆ ಹೊಡೀಬಹುದು. ಆದರೆ ಸೋಮವಾರ ಬೆಳಿಗ್ಗೆ ನಿಮ್ಮ ಪರಿಚಯದವರ ಪಟ್ಟಿ ಶುಕ್ರವಾರ ಎಷ್ಟಿತ್ತೋ ಅಷ್ಟೇ ಇರುತ್ತೆ. ಒಬ್ಬರು ಗೊತ್ತಿರೋರು, ಇಬ್ಬರು ಹೊಸಬರು, ಈ ಲೆಕ್ಕ ಸಾಕು. ಸೇರೋ ಮೊದಲು ಅರ್ಧ ಗಂಟೆ ಕಾಲ್ ಮಾಡಿ ಒಂದು ಪ್ರಶ್ನೆ ಕೇಳಿ: "ನಮಗೆ ಇದರಿಂದ ಏನು ಬೇಕು?" ಒಬ್ಬರಿಗೆ ಬಹುಮಾನವೇ ಬೇಕು, ಇನ್ನೊಬ್ಬರಿಗೆ ಕಲಿಯೋದು ಬೇಕು ಅಂದ್ರೆ ರಾತ್ರಿ 2 ಗಂಟೆಗೆ ಜಗಳ ಗ್ಯಾರಂಟಿ.

30 ಗಂಟೆಯಲ್ಲಿ ಆಗಿದ್ದು

ಅವರು ಆರಿಸಿದ್ದು ಹಾಸ್ಟೆಲ್ ಮೆಸ್‌ನಲ್ಲಿ ಅನ್ನ ವ್ಯರ್ಥ ಆಗೋ ಸಮಸ್ಯೆ. ಶುಕ್ರವಾರದ ಪ್ಲಾನ್‌ನಲ್ಲಿ ಲಾಗಿನ್, ಪೇಮೆಂಟ್, ಊಟಕ್ಕೆ ರೇಟಿಂಗ್, ನೋಟಿಫಿಕೇಶನ್ ಎಲ್ಲ ಇತ್ತು. ಶನಿವಾರ 11 ಗಂಟೆಗೆ ವಿಜಯಪುರದ ಹುಡುಗಿ, "ಅಡುಗೆ ಮಾಡೋರನ್ನ ಕೇಳಿದ್ದೀರಾ?" ಅಂದ್ಲು. ಹುಡುಗ ತನ್ನ ಹಾಸ್ಟೆಲ್ ಮೆಸ್ಸಿನ ಅಡುಗೆಯವರಿಗೆ ಫೋನ್ ಮಾಡಿದ. ಅವರು ಹೇಳಿದ್ದು ಎರಡೇ ಮಾತು. ರಾತ್ರಿ ಊಟಕ್ಕೆ ಸಂಜೆ 5ಕ್ಕೆ ಅಕ್ಕಿ ತೊಳೀತೀನಿ, ಆಮೇಲೆ ಲೆಕ್ಕ ಕೊಟ್ರೆ ಉಪಯೋಗ ಇಲ್ಲ. ಇನ್ನೊಂದು, ಒದ್ದೆ ಕೈಯಲ್ಲಿ ನಾನು ಆ್ಯಪ್ ತೆಗೆದು ನೋಡಲ್ಲ.

ಹತ್ತು ನಿಮಿಷದ ಆ ಫೋನು ಪ್ಲಾನ್‌ನ ಮುಕ್ಕಾಲು ಭಾಗ ಕಡಿದು ಹಾಕ್ತು. ಉಳಿದದ್ದು ಇಷ್ಟು: ವಿದ್ಯಾರ್ಥಿ ಸಂಜೆ 4:30ರ ಒಳಗೆ "ಇವತ್ತು ಊಟ ಬೇಡ" ಅಂತ ಒತ್ತಬೇಕು, ಅಡುಗೆಮನೆ ಗೋಡೆಯ ಮೇಲಿನ ಹಳೇ ಟ್ಯಾಬ್‌ನಲ್ಲಿ ಒಂದೇ ಒಂದು ದೊಡ್ಡ ಸಂಖ್ಯೆ ಕಾಣಬೇಕು. ಸಂಜೆ 7ಕ್ಕೆ ಇದು ಅಂದಚಂದ ಇಲ್ಲದೆ, ಆದರೆ ಆರಂಭದಿಂದ ಕೊನೆವರೆಗೆ ಓಡ್ತಿತ್ತು. ಹ್ಯಾಕಥಾನ್‌ನಲ್ಲಿ ನಾನು ಟೀಮುಗಳನ್ನ ಅಳೆಯೋದು ಹೀಗೆ. ಮೂರನೇ ಒಂದು ಭಾಗ ಸಮಯ ಕಳೆಯೋ ಹೊತ್ತಿಗೆ ಒಂದು ದಾರಿ ಪೂರ್ತಿ ಓಡ್ತಿದ್ಯಾ? ಓಡ್ತಿಲ್ಲ ಅಂದ್ರೆ ಪ್ಲಾನ್ ದೊಡ್ಡದಾಯ್ತು ಅಂತ ಅರ್ಥ, ಆಗಲೇ ಕಡಿಬೇಕು.

ರಾತ್ರಿ 9ಕ್ಕೆ ಮೆಂಟರ್ ಸುತ್ತು. ಸ್ಪಾನ್ಸರ್ ಕಂಪನಿಯಿಂದ ಬಂದಿದ್ದ ಎಂಜಿನಿಯರ್ ಒಬ್ಬರು ಫೋನ್ ತಗೊಂಡು ಬಟನ್ ಒತ್ತಿದ್ರು. ಹಾಲ್‌ನ ವೈಫೈ ನಿಧಾನ ಇತ್ತು, ಏನೂ ಆಗಲಿಲ್ಲ ಅಂತ ಇನ್ನೆರಡು ಸಲ ಒತ್ತಿದ್ರು. ಟ್ಯಾಬ್‌ನಲ್ಲಿ ಸಂಖ್ಯೆ 3 ಕಡಿಮೆ ಆಯ್ತು. ಒಬ್ಬ ಊಟ ಬೇಡ ಅಂದ್ರೆ ಮೂವರ ಅನ್ನ ಹೋಯ್ತು! "ಇದನ್ನ ಏನ್ ಮಾಡ್ತೀರಿ?" ಅಂತ ಕೇಳಿ ಮುಂದಿನ ಟೇಬಲ್‌ಗೆ ಹೋದ್ರು.

ಕಾರಣ ಸರಳ. ಡೇಟಾಬೇಸ್‌ನಲ್ಲಿ ಒಂದು ಸಂಖ್ಯೆ ಇಟ್ಟು, ಪ್ರತಿ ರಿಕ್ವೆಸ್ಟ್‌ಗೂ ಒಂದು ಕಳೀತಿದ್ರು. ಯಾರು ಒತ್ತಿದ್ರು ಅನ್ನೋದೇ ದಾಖಲಾಗ್ತಿರಲಿಲ್ಲ. ಬಟನ್ ಅನ್ನ ಒಂದು ಸಲ ಒತ್ತಿದ ಮೇಲೆ ನಿಷ್ಕ್ರಿಯ ಮಾಡಿದ್ರೆ ಸಾಕು ಅಂತ ಸೋಲಾಪುರದ ಹುಡುಗ ಅಂದ. ಆದರೆ ಪೇಜ್ ರಿಫ್ರೆಶ್ ಮಾಡಿ ಮತ್ತೆ ಒತ್ತಿದ್ರೆ? ಹಾಗಾಗಿ ಒಬ್ಬ ವಿದ್ಯಾರ್ಥಿ, ಒಂದು ದಿನ, ಒಂದು ಊಟಕ್ಕೆ ಒಂದೇ ಸಾಲು ಅನ್ನೋ ನಿಯಮವನ್ನ ಟೇಬಲ್‌ಗೇ ಹಾಕಿದ್ರು.

```
UNIQUE (student_id, meal_date, meal)
```

ಸಂಖ್ಯೆಯನ್ನ ಸಾಲುಗಳನ್ನ ಎಣಿಸಿ ತೆಗೆಯೋದು. ಎಷ್ಟು ಸಲ ಒತ್ತಿದ್ರೂ ಎರಡನೇ ಸಾಲು ಸೇರಲ್ಲ. ವಿಜಯಪುರದ ಹುಡುಗಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು, ಒಂದೇ ವಿದ್ಯಾರ್ಥಿಯ ಹೆಸರಲ್ಲಿ 50 ರಿಕ್ವೆಸ್ಟ್ ಒಟ್ಟಿಗೆ ಕಳಿಸಿ ನೋಡಿದ್ಲು. ಸಂಖ್ಯೆ ಒಂದೇ ಇಳೀತು. ಬೆಳಿಗ್ಗೆ ಆ ಎಂಜಿನಿಯರ್ ಸ್ಟಾಲ್ ಹತ್ತಿರ ಹೋಗಿ, "ಸರ್, ನಿನ್ನೆ ನೀವು ಕೇಳಿದ್ದು ಸರಿ ಮಾಡಿದ್ವಿ, ನೋಡ್ತೀರಾ?" ಅಂತ ಕರೆದ್ರು. ಅವರು ಎದ್ದು ಬಂದು ಹತ್ತು ನಿಮಿಷ ಕೂತ್ರು.

ಕಂಪನಿಯವರಿಗೆ ನೆನಪುಳಿಯೋದು ಇಂಥದ್ದು. ರಾತ್ರಿ ತಪ್ಪು ತೋರಿಸಿದ್ರೆ ಬೆಳಿಗ್ಗೆ ಸರಿಮಾಡಿಕೊಂಡು ತಾವಾಗೇ ಬಂದವರು ಇನ್ನು ತಮ್ಮ ಟೀಮಿನಲ್ಲಿದ್ರೂ ಹೀಗೇ ಇರ್ತಾರೆ ಅಂತ ಅವರು ಲೆಕ್ಕ ಹಾಕ್ತಾರೆ. ಸ್ಟಾಲ್‌ಗೆ ಹೋಗಿ "ಸರ್, ಓಪನಿಂಗ್ ಇದ್ಯಾ?" ಅಂತ ರೆಸ್ಯೂಮೆ ಕೊಟ್ಟವರು ಆ ದಿನ ತುಂಬಾ ಜನ ಇದ್ರು. ಆ ಕಾಗದಗಳು ಟೀ ಕಪ್ ಕೆಳಗೇ ಇದ್ವು.

ಗಿಟ್‌ನಲ್ಲಿ ಎಲ್ಲರ ಹೆಸರೂ ಇರಲಿ

ನಡುರಾತ್ರಿ ಒಂದು ಅನಾಹುತ ಆಯ್ತು. ಎಲ್ಲರೂ ಒಂದೇ ಬ್ರಾಂಚ್‌ನಲ್ಲಿ ಕೆಲಸ ಮಾಡ್ತಿದ್ರು. ಕಾನ್‌ಫ್ಲಿಕ್ಟ್ ಬಂದಾಗ ಒಬ್ಬ ನಿದ್ದೆಗಣ್ಣಲ್ಲಿ `git push --force` ಹೊಡೆದ, ಡಿಸೈನ್ ಹುಡುಗಿಯ ಎರಡು ಗಂಟೆ ಕೆಲಸ ಗಿಟ್‌ಹಬ್‌ನಿಂದ ಮಾಯ. ಅವಳ ಲ್ಯಾಪ್‌ಟಾಪ್‌ನಲ್ಲಿ ಕಮಿಟ್‌ಗಳು ಹಾಗೇ ಇದ್ವು, ಆದ್ದರಿಂದ ಬಚಾವ್. ಅಲ್ಲಿಂದ ಮುಂದೆ ಒಬ್ಬೊಬ್ಬರಿಗೆ ಒಂದು ಬ್ರಾಂಚ್, ಫೋರ್ಸ್ ಬಂದ್.

ಇದಕ್ಕಿಂತ ಸದ್ದಿಲ್ಲದ ಸಮಸ್ಯೆ ಇನ್ನೊಂದಿದೆ. ಇಬ್ಬರು ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ಬರೆದರೆ ಕಮಿಟ್ ಒಬ್ಬರ ಹೆಸರಲ್ಲಿ ಮಾತ್ರ ಹೋಗುತ್ತೆ. ಆರು ತಿಂಗಳ ನಂತರ ರಿಕ್ರೂಟರ್ ರೆಪೊ ತೆಗೆದು ನೋಡಿದಾಗ ಇನ್ನೊಬ್ಬರು ಅಲ್ಲಿ ಇರಲೇ ಇಲ್ಲ ಅನ್ನೋ ಹಾಗೆ ಕಾಣುತ್ತೆ. ಇದಕ್ಕೆ ಗಿಟ್‌ಹಬ್‌ನಲ್ಲಿ ದಾರಿ ಇದೆ. ಕಮಿಟ್ ಮೆಸೇಜ್‌ನ ಕೊನೆಗೆ ಒಂದು ಖಾಲಿ ಸಾಲು ಬಿಟ್ಟು ಹೀಗೆ ಬರೀಬೇಕು:

```
Count skips per student

Co-authored-by: NAME <EMAIL>
```

ಆ ಇಮೇಲ್ ಅವರ ಗಿಟ್‌ಹಬ್ ಖಾತೆಗೆ ಸೇರಿಸಿದ ಇಮೇಲೇ ಆಗಿರಬೇಕು, ಇಲ್ಲದಿದ್ರೆ ಹೆಸರು ಜೋಡಣೆ ಆಗಲ್ಲ. ಹಾಗೇ ಎಪಿಐ ಕೀ, ಪಾಸ್‌ವರ್ಡ್‌ಗಳನ್ನ ರೆಪೊಗೆ ಹಾಕಬೇಡಿ. ಆಮೇಲೆ ಅಳಿಸಿದ್ರೂ ಹಳೇ ಕಮಿಟ್‌ನಲ್ಲಿ ಉಳಿದಿರುತ್ತೆ. ಹಾಕಿಬಿಟ್ಟಿದ್ರೆ ಆ ಕೀಯನ್ನೇ ರದ್ದು ಮಾಡಿ ಹೊಸದು ತಗೊಳ್ಳಿ.

ಡೆಮೊ ಹೊತ್ತಿಗೆ ಎಲ್ಲ ಟೀಮುಗಳೂ ಒಟ್ಟಿಗೆ ಡಿಪ್ಲಾಯ್ ಮಾಡೋಕೆ ಹೋಗಿ ವೈಫೈ ಸತ್ತೇ ಹೋಯ್ತು. ಇವರು ಮಧ್ಯಾಹ್ನ 12ಕ್ಕೇ ಕೋಡ್ ಮುಟ್ಟೋದು ನಿಲ್ಲಿಸಿ, ಸ್ಕ್ರೀನ್ ರೆಕಾರ್ಡ್ ಮಾಡಿ ಇಟ್ಕೊಂಡಿದ್ರು. ಲ್ಯಾಪ್‌ಟಾಪ್‌ನಲ್ಲೇ ಸರ್ವರ್ ಓಡಿಸಿ, ಫೋನ್ ಹಾಟ್‌ಸ್ಪಾಟ್‌ನಲ್ಲಿ ತೋರಿಸಿದ್ರು. ಬಹುಮಾನ ಬೇರೆಯವರಿಗೆ ಹೋಯ್ತು.

ಸೋಮವಾರದ ಮೆಸೇಜ್

ಹೆಚ್ಚಿನವರು ಇಲ್ಲಿಗೆ ಮುಗೀತು ಅಂತ ಮಲಗಿಬಿಡ್ತಾರೆ. ಕಲಬುರಗಿ ಹುಡುಗ ಸೋಮವಾರ ಎರಡು ಕೆಲಸ ಮಾಡಿದ. ರೀಡ್‌ಮೀ ಫೈಲ್ ಸರಿಯಾಗಿ ಬರೆದ: ಸಮಸ್ಯೆ ಏನು, ಹೇಗೆ ಓಡಿಸಬೇಕು, ಯಾರು ಯಾವ ಭಾಗ ಬರೆದ್ರು, ಏನು ಇನ್ನೂ ಆಗಿಲ್ಲ. ಆಮೇಲೆ ಆ ಎಂಜಿನಿಯರ್‌ಗೆ ಲಿಂಕ್ಡ್‌ಇನ್‌ನಲ್ಲಿ ಇಂಗ್ಲಿಷಿನಲ್ಲಿ ಒಂದು ಮೆಸೇಜ್. ಅದರ ತಿರುಳು ಇಷ್ಟು:

"ಸರ್, ನಾನು ಮೆಸ್ ಊಟದ ಟೀಮಿನವನು. ಮೂರು ಸಲ ಒತ್ತಿದ್ರೆ ಲೆಕ್ಕ ತಪ್ಪುತ್ತೆ ಅಂತ ನೀವು ತೋರಿಸಿದ್ರಿ. ಅದನ್ನ ಸರಿಮಾಡಿದ ಕಮಿಟ್‌ನ ಲಿಂಕ್ ಇದು, ಪರೀಕ್ಷೆ ಮಾಡೋ ಸ್ಕ್ರಿಪ್ಟ್ ನಮ್ಮ ಟೀಮಿನ ಹುಡುಗಿ ಬರೆದದ್ದು. 4:30 ದಾಟಿದ ಮೇಲೆ ಬರೋ ರಿಕ್ವೆಸ್ಟ್‌ಗಳನ್ನ ಫೋನಿನ ಗಡಿಯಾರದ ಬದಲು ಸರ್ವರ್ ಗಡಿಯಾರ ನೋಡಿ ತಡೀತಿದ್ದೀವಿ. ಇದರಲ್ಲಿ ನಾನು ಗಮನಿಸದ ತೊಂದರೆ ಏನಾದ್ರೂ ಇದ್ಯಾ?"

ಗಮನಿಸಿ, ಇದರಲ್ಲಿ ಕೆಲಸ ಕೇಳಿಲ್ಲ. ಅವರಿಗೆ ಯಾವ ಟೀಮು ಅಂತ ನೆನಪಾಗುತ್ತೆ, ನೋಡೋಕೆ ಒಂದು ಲಿಂಕ್ ಇದೆ, ಉತ್ತರಿಸೋಕೆ ಎರಡು ನಿಮಿಷದ ಪ್ರಶ್ನೆ ಇದೆ. ತಡಮಾಡಿದ್ರೆ ನೂರಾರು ಮುಖಗಳಲ್ಲಿ ನಿಮ್ಮದು ಮರೆತುಹೋಗುತ್ತೆ, ಹಾಗಾಗಿ ಒಂದೆರಡು ದಿನದೊಳಗೇ ಕಳಿಸಬೇಕು. ಉತ್ತರ ಬಂದಿದ್ದು ಒಂಬತ್ತು ದಿನ ಆದಮೇಲೆ. ಎರಡು ಮೂರು ಸಲ ಮಾತು ನಡೆದ ಮೇಲೆ ಅವರೇ, "ಇಂಟರ್ನ್‌ಶಿಪ್‌ಗೆ ಜನ ಬೇಕಾಗಿದ್ದಾರೆ, ರೆಸ್ಯೂಮೆ ಕಳಿಸು" ಅಂದ್ರು.

ಆಮೇಲೆ ಏನಾಯ್ತು? ಎಲ್ಲರ ಹಾಗೆ ಅವನೂ ಆನ್‌ಲೈನ್ ಕೋಡಿಂಗ್ ಟೆಸ್ಟ್ ಬರೀಬೇಕಾಯ್ತು, ಎರಡು ಇಂಟರ್ವ್ಯೂ ಆದ್ವು. ಪರಿಚಯದಿಂದ ಸಿಕ್ಕಿದ್ದು ರೆಸ್ಯೂಮೆಯನ್ನ ಯಾರೋ ತೆರೆದು ಓದಿದ್ದು ಮಾತ್ರ. ಟೆಸ್ಟ್ ದಾಟಿಸಿದ್ದು ಒಂದು ವರ್ಷದಿಂದ ಭಾನುವಾರ ಬೆಳಿಗ್ಗೆ ಬಿಡದೆ ಬರೀತಿದ್ದ ಕಾಂಟೆಸ್ಟ್‌ಗಳು. ಅದರಲ್ಲೂ ಕಾಂಟೆಸ್ಟ್ ಮುಗಿದ ಮೇಲೆ, ಬಿಡಿಸೋಕಾಗದ ಪ್ರಶ್ನೆಯನ್ನ ಅದೇ ವಾರ ಮತ್ತೆ ಕೂತು ಬಿಡಿಸೋ ಅಭ್ಯಾಸ. ಕಾಂಟೆಸ್ಟ್ ನಡೀವಾಗಲೇ ಟೆಲಿಗ್ರಾಂನಲ್ಲಿ ಉತ್ತರ ಹಂಚ್ಕೊಂಡು ರೇಟಿಂಗ್ ಏರಿಸ್ಕೊಳ್ಳೋರಿದ್ದಾರೆ. ಇಂಟರ್ವ್ಯೂನಲ್ಲಿ ನಾನು ಅಭ್ಯರ್ಥಿಯ ಪ್ರೊಫೈಲ್ ತೆಗೆದು, "ಇದನ್ನ ಹೇಗೆ ಬಿಡಿಸಿದ್ರಿ?" ಅಂತ ಅವರದೇ ಉತ್ತರ ತೋರಿಸ್ತೀನಿ. ಎರಡನೇ ವಾಕ್ಯಕ್ಕೇ ಗೊತ್ತಾಗಿಬಿಡುತ್ತೆ.

ವಿಜಯಪುರದ ಹುಡುಗಿಗೆ ಆ ಕಂಪನಿಯಿಂದ ಏನೂ ಬರಲಿಲ್ಲ. ಆದರೆ ಅವಳೂ ಈ ಹುಡುಗನೂ ಶನಿವಾರಗಳಂದು ಆ ಪ್ರಾಜೆಕ್ಟ್ ಮುಂದುವರಿಸಿದ್ರು. ಅವಳು ಆ 50 ರಿಕ್ವೆಸ್ಟ್‌ನ ಸ್ಕ್ರಿಪ್ಟ್ ಅನ್ನೇ ಬೆಳೆಸಿ ಪೂರ್ತಿ ಟೆಸ್ಟ್‌ಗಳ ಸೆಟ್ ಮಾಡಿದ್ಲು. ಹುಡುಗನ ಇಂಟರ್ನ್‌ಶಿಪ್ ಕೆಲಸವಾಗಿ ಬದಲಾದ ಮೇಲೆ ಅವನ ಟೀಮಿಗೆ ಟೆಸ್ಟ್ ಆಟೊಮೇಶನ್ ಬಲ್ಲವರು ಬೇಕಾದ್ರು. ರೆಫರಲ್ ಕೊಟ್ಟವನು ಅವನೇ. ಅವಳ ಬಗ್ಗೆ ಬರೆಯೋಕೆ ಅವನ ಹತ್ತಿರ ರೆಪೊ ಇತ್ತು, ಆ ರಾತ್ರಿ ಇತ್ತು. ಈಗ ಮ್ಯಾನ್ಯುಯಲ್ ಟೆಸ್ಟಿಂಗ್ ಬಿಟ್ಟು ಅಲ್ಲೇ ಕೆಲಸ ಮಾಡ್ತಿದ್ದಾಳೆ.

ಇನ್ನು ಎಷ್ಟು ಹ್ಯಾಕಥಾನ್ ಸಾಕು? ನನ್ನ ಲೆಕ್ಕದಲ್ಲಿ ವರ್ಷಕ್ಕೆ ಎರಡು, ಹೆಚ್ಚೆಂದ್ರೆ ಮೂರು. ಹತ್ತು ಹ್ಯಾಕಥಾನ್‌ನ ಹತ್ತು ಅರ್ಧಂಬರ್ಧ ರೆಪೊಗಳಿಗಿಂತ, ಮುಗಿದ ಮೇಲೂ ಮೂರು ತಿಂಗಳು ಕಮಿಟ್ ಆಗಿರೋ ಒಂದು ರೆಪೊ ಇಂಟರ್ವ್ಯೂನಲ್ಲಿ ಹೆಚ್ಚು ಮಾತಾಡಿಸುತ್ತೆ. ಮುಂದಿನದಕ್ಕೆ ಹೆಸರು ಕೊಡೋ ಮೊದಲು ಹಿಂದಿನ ರೆಪೊದ ರೀಡ್‌ಮೀ ಒಮ್ಮೆ ತೆಗೆದು ನೋಡಿ. ಹೊಸಬರೊಬ್ಬರು ಅದನ್ನ ಓದ್ಕೊಂಡು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿಸೋಕೆ ಆಗುತ್ತಾ? ಆಗಲ್ಲ ಅಂದ್ರೆ ಈ ಶನಿವಾರ ಅದಕ್ಕೇ ಇಟ್ಟುಬಿಡಿ.